ಥರ್ಟಿ ಫಾರ್ಟಿ ಸೈಟಿನ ಲೆಕ್ಕ

ಬೆಂಗಳೂರಿನಲ್ಲಿ ‘ಥರ್ಟಿ ಫಾರ್ಟಿ’ ಎಂದರೆ ಸಾಕು, ಸೈಟಿನ ಮಾತು ಎಂದು ಎಲ್ಲರಿಗೂ ತಿಳಿಯುತ್ತದೆ. ಅಂಥದೊಂದು ಸೈಟಿನ ಉದ್ದ ಅಗಲ ನಮಗೆ ಗೊತ್ತಿಲ್ಲ ಎಂದುಕೊಳ್ಳೋಣ. ಪತ್ರದಲ್ಲಿ 1200 ಚದರಡಿ ಎಂದಷ್ಟೇ ಬರೆದಿದೆ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ 50 ಅಡಿ ಬಂತು. ಅಗಲ x, ಉದ್ದ y ಎಂದಿಟ್ಟುಕೊಂಡರೆ ಕೈಯಲ್ಲಿರುವುದು ಇಷ್ಟು:

x² + y² = 2500
xy = 1200

ಹಾಳೆಯ ಮೇಲೆ ಬರೆದರೆ ಮೊದಲನೆಯದು ವೃತ್ತ, ಎರಡನೆಯದು ಬಾಗಿದ ಇನ್ನೊಂದು ಗೆರೆ. ಅವು ಕೂಡುವ ಜಾಗವೇ ಉತ್ತರ. ಈ ಲೆಕ್ಕವನ್ನು ಶಾಲೆಯ ಬೀಜಗಣಿತದಲ್ಲೇ ಬಿಡಿಸಬಹುದು. ಆದರೆ ಹೆಚ್ಚಿನ ವಕ್ರ ಸಮೀಕರಣಗಳಿಗೆ ಅಂಥ ಸುಲಭದ ದಾರಿ ಇರುವುದಿಲ್ಲ. ಅಲ್ಲಿ ಊಹೆಯಿಂದ ಶುರುಮಾಡಿ ಅದನ್ನು ತಿದ್ದುತ್ತ ಹೋಗಬೇಕು. ಆ ತಿದ್ದುವ ಕ್ರಮವನ್ನು ಉತ್ತರ ಗೊತ್ತಿರುವ ಈ ಸೈಟಿನ ಮೇಲೆಯೇ ನೋಡೋಣ.

ಅಗಲ 25, ಉದ್ದ 45 ಎಂದು ಊಹಿಸಿದೆವು. x² + y² ಲೆಕ್ಕ 2650 ಆಗುತ್ತದೆ, ಬೇಕಾದದ್ದಕ್ಕಿಂತ 150 ಹೆಚ್ಚು. ವಿಸ್ತೀರ್ಣ 1125, ಅಂದರೆ 75 ಕಡಿಮೆ. ಈಗ ಅಗಲವನ್ನು p ಅಡಿ, ಉದ್ದವನ್ನು q ಅಡಿ ಬದಲಿಸಿದರೆ ಏನಾಗುತ್ತದೆ? ಅಗಲ ಹೆಚ್ಚಿಸಿದಾಗ 45 ಅಡಿ ಉದ್ದದ, p ಅಗಲದ ಪಟ್ಟಿಯೊಂದು ಸೈಟಿಗೆ ಸೇರುತ್ತದೆ. ಉದ್ದ ಹೆಚ್ಚಿಸಿದರೆ 25 ಅಡಿಯ, q ಅಗಲದ ಪಟ್ಟಿ. ಎರಡೂ ಪಟ್ಟಿ ಕೂಡುವ ಮೂಲೆಯಲ್ಲಿ pq ಅಳತೆಯ ಸಣ್ಣ ತುಂಡೊಂದು ಉಳಿಯುತ್ತದೆ. ಅದನ್ನು ಸದ್ಯಕ್ಕೆ ಕೈಬಿಡುತ್ತೇವೆ. ಹಾಗೆಯೇ x² ಸುಮಾರು 50p, y² ಸುಮಾರು 90q ಬದಲಾಗುತ್ತವೆ. ಅಲ್ಲಿಯೂ p², q² ಬಿಟ್ಟೆವು. ಉಳಿದದ್ದು ಸರಳರೇಖೆಯ ಎರಡು ಸಮೀಕರಣ:

50p + 90q = −150
45p + 25q = 75

ಎಡಗಡೆಯ 50, 90, 45, 25 ಎಂಬ ನಾಲ್ಕು ಸಂಖ್ಯೆಗಳ ಚೌಕವೇ ಜಾಕೋಬಿಯನ್ ಮ್ಯಾಟ್ರಿಕ್ಸ್. ಜರ್ಮನಿಯ ಗಣಿತಜ್ಞ ಕಾರ್ಲ್ ಜಾಕೋಬಿಯ ಹೆಸರು ಅದಕ್ಕಿದೆ. ಯಾವ ಅಳತೆಯನ್ನು ಸ್ವಲ್ಪ ಅಲುಗಿಸಿದರೆ ಯಾವ ಮೊತ್ತ ಎಷ್ಟು ಅಲುಗುತ್ತದೆ ಎಂಬುದನ್ನು ಅದು ಹೇಳುತ್ತದೆ. ವಿಧಾನಕ್ಕೆ ನ್ಯೂಟನ್ನನ ಹೆಸರಿದ್ದರೂ ಎರಡು ಸಮೀಕರಣಗಳಿಗೆ ಅದನ್ನು 1740ರಲ್ಲಿ ವಿಸ್ತರಿಸಿದವನು ಇಂಗ್ಲೆಂಡಿನ ಥಾಮಸ್ ಸಿಂಪ್ಸನ್.

ಬಿಡಿಸಿದರೆ p = 3.75, q = −3.75. ಹೊಸ ಊಹೆ 28.75 ಮತ್ತು 41.25. ಕೈಬಿಟ್ಟ ತುಂಡುಗಳಿಂದಾಗಿ ಇದೇ ಕೊನೆಯ ಉತ್ತರವಲ್ಲ. ಆದ್ದರಿಂದ ಈ ಹೊಸ ಜಾಗದಲ್ಲಿ ನಿಂತು ಮತ್ತೆ ಮ್ಯಾಟ್ರಿಕ್ಸ್ ಬರೆದು ಬಿಡಿಸಬೇಕು. ಎರಡನೆಯ ಸುತ್ತಿಗೆ 29.875 ಮತ್ತು 40.125. ಮೂರನೆಯದಕ್ಕೆ 29.9985 ಮತ್ತು 40.0015. 5 ಅಡಿ ಇದ್ದ ತಪ್ಪು ಮೂರೇ ಸುತ್ತಿನಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾಯಿತು. ತಿದ್ದುಪಡಿ ಚಿಕ್ಕದಾದಷ್ಟೂ ಕೈಬಿಟ್ಟ ತುಂಡು ಅದಕ್ಕಿಂತ ಬೇಗ ಕರಗುತ್ತದೆ, ಈ ವೇಗಕ್ಕೆ ಅದೇ ಕಾರಣ.

ಎಲ್ಲ ಊಹೆಗೂ ಈ ಭಾಗ್ಯವಿಲ್ಲ. ಸೈಟು ಚಚ್ಚೌಕವೆಂದು 35, 35ರಿಂದ ಹೊರಟರೆ 70p + 70q = 50 ಮತ್ತು 35p + 35q = −25 ಎಂದು ಬರುತ್ತದೆ. ಒಂದರ ಪ್ರಕಾರ p + q ಧನ, ಇನ್ನೊಂದರ ಪ್ರಕಾರ ಋಣ. ಎರಡೂ ಸಮಾನಾಂತರ ರೇಖೆಗಳು, ಎಂದೂ ಕೂಡುವುದಿಲ್ಲ. ಮ್ಯಾಟ್ರಿಕ್ಸಿನ ನಿರ್ಧಾರಕ ಸೊನ್ನೆಯಾಗಿರುವುದೇ ಇದರ ಗುರುತು. ಪಕ್ಕದ 34.9, 35.1ರಿಂದ ಹೊರಟರೆ ನಿರ್ಧಾರಕ ಸೊನ್ನೆಯಲ್ಲ, ಆದರೆ ಬಹಳ ಚಿಕ್ಕದು. ಮೊದಲ ಹೆಜ್ಜೆಗೇ ಅಗಲ −90.05, ಉದ್ದ 160.05 ಆಗಿಬಿಡುತ್ತದೆ! ಇಲ್ಲಿ ಕೆಲವು ಸುತ್ತಿನ ಬಳಿಕ ಅದು ದಾರಿಗೆ ಬರುತ್ತದೆ, ಎಲ್ಲ ಸಮೀಕರಣಗಳಲ್ಲೂ ಬರುತ್ತದೆಂಬ ಖಾತ್ರಿಯಿಲ್ಲ. ಇನ್ನು 45, 25ರಿಂದ ಹೊರಟರೆ ಸಿಗುವುದು 40, 30. ಎರಡೂ ಅಳತೆ ಋಣವಾಗಿದ್ದರೆ −30, −40ರಂಥ ಉತ್ತರವೂ ಬಂದೀತು. ಯಾವುದು ನೆಲದ ಮೇಲಿನ ಸೈಟು ಎಂಬುದನ್ನು ನಾವೇ ಆರಿಸಬೇಕು.

ಅಂಕಿ ತಪ್ಪಾಗಿ ಓದಿ 50ರ ಬದಲು 48 ಅಡಿ ಎಂದು ಬರೆದುಕೊಂಡಿದ್ದರೆ? 25ರಿಂದ ಹೊರಟ ಅಗಲ 30.5ಕ್ಕೆ, ಅಲ್ಲಿಂದ 35.55ಕ್ಕೆ ಹೋಗಿ, ಮುಂದಿನ ಸುತ್ತಿನಲ್ಲಿ ಮತ್ತೆ 25.38ಕ್ಕೆ ಮರಳುತ್ತದೆ. ಎಷ್ಟು ಸುತ್ತು ಹಾಕಿದರೂ ನೆಲೆ ನಿಲ್ಲುವುದಿಲ್ಲ. ಇದು ವಿಧಾನದ ದೋಷವಲ್ಲ. ಮೂಲೆಯಿಂದ ಮೂಲೆಗೆ 48 ಅಡಿಯಿರುವ ಆಯತದಲ್ಲಿ ಹೆಚ್ಚೆಂದರೆ 1152 ಚದರಡಿ ಹಿಡಿಯುತ್ತದೆ, 1200 ಹಿಡಿಯುವುದೇ ಇಲ್ಲ. ಅಂಕಿಗಳು ಹೀಗೆ ಅಲೆದಾಡತೊಡಗಿದರೆ ಇನ್ನೊಂದು ಸುತ್ತು ಲೆಕ್ಕ ಹಾಕುವುದಕ್ಕಿಂತ ಟೇಪು ಹಿಡಿದು ಸೈಟಿಗೆ ಮರಳುವುದೇ ಮೇಲು.