ಹದಿಮೂರು ಪಂದ್ಯಗಳ ಲೆಕ್ಕ

ಮಾಲೀಕರೇ,

ನಮ್ಮ ಸ್ಟ್ರೈಕರ್ ಮೂರೇ ಗೋಲು ಹೊಡೆದ, ಆದ್ದರಿಂದ ಒಪ್ಪಂದ ನವೀಕರಿಸುವುದು ಬೇಡ ಎಂದಿದ್ದೀರಿ. ಸಹಿ ಹಾಕುವ ಮುನ್ನ ಇದನ್ನು ದಯವಿಟ್ಟು ಓದಿ.

2024-25ರ ಐಎಸ್‌ಎಲ್ ಲೀಗ್ ಹಂತದಲ್ಲಿ ತಂಡಕ್ಕೆ 24 ಪಂದ್ಯಗಳಿದ್ದವು. 2025-26ರಲ್ಲಿ ಅದು 13ಕ್ಕೆ ಇಳಿಯಿತು. ಇವನು ಗುರಿಯಿಟ್ಟು ಹೊಡೆದದ್ದು ಸುಮಾರು 40 ಸಲ. ಪ್ರತಿ ಹೊಡೆತಕ್ಕೂ ನಾವು ಒಂದು ಬೆಲೆ ಕಟ್ಟುತ್ತೇವೆ: ಅದೇ ದೂರ, ಅದೇ ಕೋನದಿಂದ ಹಿಂದೆ ಹೊಡೆದವರಲ್ಲಿ ನೂರಕ್ಕೆ ಎಷ್ಟು ಮಂದಿ ಗೋಲು ಗಳಿಸಿದ್ದರು ಎಂಬುದು. ಇದೇ 'ನಿರೀಕ್ಷಿತ ಗೋಲು'. ಇವನ ಸರಾಸರಿ ನೂರಕ್ಕೆ 15. ಅಂದರೆ ಆರು ಗೋಲು ಬರಬೇಕಿತ್ತು.

ಅರ್ಧವೇ ಬಂದದ್ದು ಅವನ ತಪ್ಪಲ್ಲವೇ? ಲೆಕ್ಕ ಹಾಗೆ ಹೇಳುವುದಿಲ್ಲ. ಅವನಷ್ಟೇ ನುರಿತ ನೂರು ಆಟಗಾರರು ಇಂಥದೇ 40 ಅವಕಾಶ ಪಡೆದರೆ, ಸುಮಾರು 13 ಮಂದಿ ಮೂರು ಅಥವಾ ಅದಕ್ಕೂ ಕಡಿಮೆ ಗೋಲಿನಲ್ಲಿ ನಿಲ್ಲುತ್ತಾರೆ. ಕಂಬಕ್ಕೆ ಬಡಿದ ಎರಡು ಚೆಂಡು ಒಳಗೆ ಹೋಗಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಹೊಡೆತಗಳೇ ಕಡಿಮೆಯಾಗಿದ್ದರೆ, ಪೆನಾಲ್ಟಿ ಪ್ರದೇಶಕ್ಕೆ ಅವನ ಓಟ ನಿಧಾನವಾಗಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಜಾಗ ಹುಡುಕಿಕೊಳ್ಳುವ ಕಲೆ ಋತುವಿನಿಂದ ಋತುವಿಗೆ ಉಳಿಯುತ್ತದೆ; ಗೋಲಾಗಿಸುವ ಪ್ರಮಾಣ ಏರಿಳಿಯುತ್ತದೆ.

ನಮ್ಮ ಅಳತೆಗೂ ಮಿತಿಯಿದೆ. ಕಾಲಿನ ಹಳೆಯ ನೋವು, ಕುಂದಿದ ಆತ್ಮವಿಶ್ವಾಸ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಹಿಂದಿನ ಎರಡು ಋತುಗಳ ಹೊಡೆತಗಳು, ವೈದ್ಯರ ವರದಿ, ವಯಸ್ಸು, ಕೇಳುವ ಸಂಬಳ ಇವನ್ನು ಒಟ್ಟಿಗೆ ಇಟ್ಟು ತೀರ್ಮಾನಿಸೋಣ. ಸಂಬಳ ಹೆಚ್ಚೆನಿಸಿದರೆ ಅದರ ಬಗ್ಗೆ ಚೌಕಾಸಿ ಮಾಡಿ. ಮೂರು ಗೋಲಿನ ಕಾರಣಕ್ಕೆ ಮಾತ್ರ ಕೈಬಿಡಬೇಡಿ.

ಇಂತಿ,
ನಿಮ್ಮ ಕ್ಲಬ್ಬಿನ ವಿಶ್ಲೇಷಕ