ಚುಕ್ಕೆಯಿಂದ ಹಕ್ಕಳೆಯವರೆಗೆ

ಚಿಕನ್‌ಪಾಕ್ಸ್ ಬಂದ ಮಗುವಿನ ಹೊಟ್ಟೆಯ ಮೇಲೆ ಮೊದಲು ಕಾಣುವುದು ಕೆಂಪು ಚುಕ್ಕೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅದು ಇರುವುದೇ ಗೊತ್ತಾಗದು. ಬಣ್ಣ ಬದಲಾಗಿದೆಯೇ ಹೊರತು ಚರ್ಮ ಉಬ್ಬಿಲ್ಲ. ಚರ್ಮವೈದ್ಯರು ಇದನ್ನು ಮ್ಯಾಕ್ಯೂಲ್ ಎನ್ನುತ್ತಾರೆ. ಅದು ಬೆರಳಿಗೆ ತಾಕುವ ಸಣ್ಣ, ಗಟ್ಟಿ ಗುಳ್ಳೆಯಾದರೆ ಪ್ಯಾಪ್ಯೂಲ್. ಒಳಗೆ ತಿಳಿನೀರು ತುಂಬಿಕೊಂಡರೆ ವೆಸಿಕಲ್, ಆ ನೀರು ಕದಡಿ ಕೀವಿನಂತಾದರೆ ಪಸ್ಟ್ಯೂಲ್. ಕೊನೆಗೆ ಒಣಗಿ ಹಕ್ಕಳೆ ಕಟ್ಟುತ್ತದೆ.

ಹೊಸ ಗುಳ್ಳೆಗಳು ತಂಡತಂಡವಾಗಿ ಏಳುವುದರಿಂದ ಅಂಗೈಯಗಲದ ಜಾಗದಲ್ಲೇ ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಒಟ್ಟಿಗೆ ಸಿಗುತ್ತವೆ. ವೈದ್ಯರಿಗೆ ರೋಗದ ಗುರುತು ಸಿಗುವುದು ಇಲ್ಲೇ. 1980ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಲಾದ ಸಿಡುಬಿನಲ್ಲಿ ಮೈಯ ಒಂದು ಭಾಗದ ಗುಳ್ಳೆಗಳೆಲ್ಲ ಒಂದೇ ಹಂತದಲ್ಲಿರುತ್ತಿದ್ದವು.

ಪ್ಲಾಕ್ ಈ ಸಾಲಿಗೆ ಸೇರುವುದಿಲ್ಲ. ಸೋರಿಯಾಸಿಸ್ ಇದ್ದವರ ಮೊಣಕೈ ಮೇಲೆ ಕಾಣುವ, 1 ಸೆಂ.ಮೀ.ಗಿಂತ ಅಗಲವಾದ, ಬಿಳಿ ಹೊಟ್ಟು ಉದುರುವ ದಪ್ಪ ಮಚ್ಚೆ ಅದು.