ಬೆಣೆ 10 ಡಿಗ್ರಿ, ಆಘಾತ 39 ಡಿಗ್ರಿ

ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 2ರಲ್ಲಿ, ಗಾಳಿ ನುಗ್ಗಿ ಬರುತ್ತಿದೆ ಎನ್ನೋಣ. ಅದಕ್ಕೆ ಎದುರಾಗಿ ಚೂಪು ಮೂತಿಯ ಉಕ್ಕಿನ ಬೆಣೆಯೊಂದನ್ನು ಇಡುತ್ತೇವೆ. ಮೇಲಿನ ಮುಖ ಗಾಳಿಯ ದಿಕ್ಕಿಗೆ 10 ಡಿಗ್ರಿ ಓರೆ, ಕೆಳಗಿನದೂ ಅಷ್ಟೇ. ಬೆಣೆಯ ತುದಿಯಿಂದ ಎರಡು ನೇರ ಗೆರೆಗಳು ಹಿಂದಕ್ಕೆ ಚಾಚಿಕೊಳ್ಳುತ್ತವೆ. ಇವೇ ಓರೆ ಆಘಾತ ತರಂಗಗಳು. ಅಳೆದು ನೋಡಿದರೆ ಗೆರೆಯ ಓರೆ 10 ಡಿಗ್ರಿಯಲ್ಲ, ಸುಮಾರು 39.3 ಡಿಗ್ರಿ. ಗಾಳಿ ತಿರುಗಬೇಕಾದದ್ದು ಹತ್ತೇ ಡಿಗ್ರಿ. ಆಘಾತ ಇಷ್ಟು ಕಡಿದಾಗಿ ನಿಲ್ಲುವುದೇಕೆ?

ಮಂದಗತಿಯ ಗಾಳಿಗೆ ಮುಂದೆ ಅಡ್ಡಿಯಿದೆ ಎಂಬ ಸುದ್ದಿ ಮೊದಲೇ ಮುಟ್ಟಿರುತ್ತದೆ. ಒತ್ತಡದ ಅಲೆ ಶಬ್ದದ ವೇಗದಲ್ಲಿ ಎದುರುಮುಖವಾಗಿ ಸಾಗಿ, ಗಾಳಿ ನಿಧಾನವಾಗಿ ಬಳಸಿಕೊಂಡು ಹೋಗುವಂತೆ ಮಾಡುತ್ತದೆ. ಮ್ಯಾಕ್ 2ರ ಗಾಳಿಯನ್ನು ಎದುರಿಸಿ ಆ ಅಲೆ ಮುಂದೆ ಹೋಗಲಾರದು. ಅತಿ ದುರ್ಬಲ ಅಲೆಯೂ 30 ಡಿಗ್ರಿ ಓರೆಯಲ್ಲಿ ಹಿಂದಕ್ಕೆ ಎಳೆದುಹೋಗುತ್ತದೆ. ಹಾಗಾಗಿ ಈ ವೇಗದಲ್ಲಿ ಆಘಾತದ ಕೋನ 30 ಡಿಗ್ರಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಬೆಣೆ ಗಾಳಿಯನ್ನು ಹೆಚ್ಚು ತಿರುಗಿಸಿದಷ್ಟೂ ಆಘಾತ ಬಲವಾಗಿ, ಇನ್ನಷ್ಟು ನೆಟ್ಟಗಾಗುತ್ತದೆ.

ಎಷ್ಟು ನೆಟ್ಟಗೆ ಎಂಬುದನ್ನು ತಿಳಿಯಲು ಗಾಳಿಯ ವೇಗವನ್ನು ಎರಡು ಪಾಲು ಮಾಡಬೇಕು: ಆಘಾತದ ಗೆರೆಯ ಗುಂಟ ಹೋಗುವುದೊಂದು, ಗೆರೆಗೆ ಲಂಬವಾಗಿ ಬಡಿಯುವುದಿನ್ನೊಂದು. ಆಘಾತದಲ್ಲಿ ಒತ್ತಡ ಏರುವುದು ಲಂಬ ದಿಕ್ಕಿನಲ್ಲಿ ಮಾತ್ರ. ಆದ್ದರಿಂದ ಗುಂಟ ಹೋಗುವ ಪಾಲಿಗೆ ಏನೂ ಆಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಲಂಬ ಪಾಲು ಮ್ಯಾಕ್ 1.27. ಆಘಾತ ದಾಟುವಾಗ ಗಾಳಿಯ ಸಾಂದ್ರತೆ 1.46 ಪಟ್ಟು ಏರುತ್ತದೆ, ಲಂಬ ವೇಗ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒಂದು ಪಾಲು ಕುಗ್ಗಿ ಇನ್ನೊಂದು ಹಾಗೇ ಉಳಿದರೆ ದಿಕ್ಕು ಬದಲಾಗಲೇಬೇಕು. ಈಗ ಗಾಳಿಗೂ ಆಘಾತದ ಗೆರೆಗೂ ನಡುವಿನ ಕೋನ 29.3 ಡಿಗ್ರಿ. 39.3ರಲ್ಲಿ 29.3 ಕಳೆದರೆ ಉಳಿಯುವುದು 10, ಬೆಣೆಯ ಮುಖ ಬೇಡಿದಷ್ಟೇ ತಿರುವು. ಒತ್ತಡ 1.7 ಪಟ್ಟಾದರೂ ಗಾಳಿಯ ವೇಗ ಮ್ಯಾಕ್ 1.64, ಇನ್ನೂ ಶಬ್ದಕ್ಕಿಂತ ಹೆಚ್ಚು.

ಇದೇ ಲೆಕ್ಕಕ್ಕೆ ಇನ್ನೊಂದು ಉತ್ತರವೂ ಇದೆ. ಆಘಾತ ಸುಮಾರು 84 ಡಿಗ್ರಿಯಲ್ಲಿ ನಿಂತರೂ ಗಾಳಿ ಹತ್ತೇ ಡಿಗ್ರಿ ತಿರುಗುತ್ತದೆ. ಆದರೆ ಆಗ ಒತ್ತಡ ನಾಲ್ಕು ಪಟ್ಟಿಗೂ ಮೀರಿ ಏರಿ, ವೇಗ ಶಬ್ದಕ್ಕಿಂತ ಕೆಳಗಿಳಿಯಬೇಕು. ಹಿಂದಿನಿಂದ ಅಷ್ಟು ಒತ್ತಡವನ್ನು ಯಾರಾದರೂ ಹಿಡಿದಿಟ್ಟರಷ್ಟೇ ಅದು ಸಾಧ್ಯ. ತೆರೆದ ಹರಿವಿನಲ್ಲಿಟ್ಟ ಬೆಣೆಯ ಮೇಲೆ ಕಾಣುವುದು ದುರ್ಬಲ ಆಘಾತವೇ.

ಬೆಣೆಯ ಕೋನವನ್ನು ಹಿಗ್ಗಿಸುತ್ತಾ ಹೋದರೆ 20 ಡಿಗ್ರಿಗೆ ಆಘಾತ 53ಕ್ಕೆ ಏರುತ್ತದೆ. 23 ಡಿಗ್ರಿಯ ಹತ್ತಿರ ಲೆಕ್ಕ ಕೈಕೊಡುತ್ತದೆ. ಮ್ಯಾಕ್ 2ರ ಗಾಳಿಯನ್ನು ಯಾವ ನೇರ ಆಘಾತವೂ ಅದಕ್ಕಿಂತ ಹೆಚ್ಚು ತಿರುಗಿಸಲಾರದು. ಆಗ ಆಘಾತ ಬೆಣೆಯ ತುದಿಯನ್ನು ಬಿಟ್ಟು ಮುಂದಕ್ಕೆ ಸರಿದು, ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಈ ಮಿತಿ ವೇಗದ ಮೇಲೆ ನಿಂತಿದೆ: ಮ್ಯಾಕ್ 1.5ರಲ್ಲಿ ಅದು 12 ಡಿಗ್ರಿ ಮಾತ್ರ.

ಗಾಳಿ ಸುರಂಗದಲ್ಲಿ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಸಾಂದ್ರತೆ ಬದಲಾದಲ್ಲಿ ಬೆಳಕು ಬಾಗುತ್ತದೆ. ಆ ಬಾಗನ್ನು ಕಪ್ಪು-ಬಿಳುಪಿನ ಗೆರೆಯಾಗಿ ತೋರಿಸುವ ಷ್ಲೀರೆನ್ ವಿಧಾನವನ್ನು ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಬಳಸುತ್ತಾರೆ. ಬೆಣೆಯ ಕೋನ ಗೊತ್ತಿದ್ದರೆ ಚಿತ್ರದಲ್ಲಿ ಆಘಾತದ ಕೋನ ಅಳೆದು ಗಾಳಿಯ ಮ್ಯಾಕ್ ಸಂಖ್ಯೆಯನ್ನೇ ಹೇಳಬಹುದು. ಇಲ್ಲಿ ಎಡವುವುದು ಎರಡು ಕಡೆ. ತುದಿಯ ಪೂರ್ತಿ ಕೋನ 20 ಡಿಗ್ರಿ ಇರುವ ಬೆಣೆಯಲ್ಲಿ ಗಾಳಿ ತಿರುಗುವುದು ಅರ್ಧ, ಅಂದರೆ ಹತ್ತು ಡಿಗ್ರಿ. ಪೂರ್ತಿ ಕೋನವನ್ನೇ ಲೆಕ್ಕಕ್ಕೆ ಹಾಕಿದರೆ ಉತ್ತರ ಕೆಡುತ್ತದೆ. ಬೆಣೆ ಸ್ವಲ್ಪ ವಾಲಿದ್ದರೂ ಲೆಕ್ಕ ತಪ್ಪುತ್ತದೆ. ಮೇಲಿನ ಮತ್ತು ಕೆಳಗಿನ ಗೆರೆಗಳ ಓರೆ ಬೇರೆಬೇರೆ ಕಂಡರೆ ಅದೇ ವಾಲಿಕೆಯ ಗುರುತು.

ಈ ಲೆಕ್ಕದ ಫಲ ವಿಮಾನದ ಎಂಜಿನ್ನಿಗೆ ಸಿಗುತ್ತದೆ. ಎಂಜಿನ್ನಿಗೆ ಬೇಕಿರುವುದು ಶಬ್ದಕ್ಕಿಂತ ಕಡಿಮೆ ವೇಗದ ಗಾಳಿ. ಮ್ಯಾಕ್ 2ರಿಂದ ಒಂದೇ ನೆಟ್ಟನೆಯ ಆಘಾತದಲ್ಲಿ ಇಳಿಸಿದರೆ ಗಾಳಿಯ ಒಟ್ಟು ಒತ್ತಡದಲ್ಲಿ ಶೇ 28ರಷ್ಟು ವ್ಯರ್ಥ. ಮೊದಲು 10 ಡಿಗ್ರಿಯ ಓರೆ ಆಘಾತ, ಆಮೇಲೆ ನೆಟ್ಟನೆಯದು ಎಂದು ಎರಡು ಹಂತ ಮಾಡಿದರೆ ನಷ್ಟ ಸುಮಾರು ಶೇ 13ಕ್ಕೆ ಇಳಿಯುತ್ತದೆ. ಮ್ಯಾಕ್ 2ರ ಆಸುಪಾಸಿನಲ್ಲಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಎಂಜಿನ್ ಬಾಯಲ್ಲಿ ಓರೆ ಹಲಗೆಗಳಿದ್ದದ್ದು, ವೇಗಕ್ಕೆ ತಕ್ಕಂತೆ ಅವು ಕೋನ ಬದಲಿಸುತ್ತಿದ್ದದ್ದು ಇದೇ ಕಾರಣಕ್ಕೆ.